180 ಪುಟದ ಅಭಿನಂದನ ಗ್ರಂಥನ ಪದ್ಮ ಅರ್ಜಿಯ 800 ಪದಕ್ಕೆ ಇಳಿಸೋದು ಹೆಂಗೆ? ಮೊದಲ ಪ್ಯಾರಾನೇ ಆಗ್ತಿಲ್ಲ

ತಿಪಟೂರು ಕೊಬ್ಬರಿ
ಎಲ್ರಿಗೂ ನಮಸ್ಕಾರ. ನಮ್ಮ ಪಕ್ಕದೂರಲ್ಲಿ ಒಬ್ಬ ಮೂಡಲಪಾಯ ಯಕ್ಷಗಾನದ ಭಾಗವತರಿದಾರೆ, ಎಂಬತ್ತರ ಹತ್ರ ವಯಸ್ಸು, ಇವತ್ತಿಗೂ ತಾಳ ಹಿಡಿದು ಕೂತ್ರೆ ಬೆಳಗಿನ ಜಾವದ ತನಕ ಏಳಲ್ಲ. ಅವರನ್ನ ಪದ್ಮಶ್ರೀಗೆ ನಾಮಿನೇಟ್ ಮಾಡೋಣ ಅಂತ ನಾವು ನಾಲ್ಕು ಜನ ಹುಡುಗರು ಹೊರಟಿದೀವಿ. awards.gov.in ನಲ್ಲಿ ಲಾಗಿನ್ ಆಯ್ತು, ಫಾರಂ ಕೂಡ ಅರ್ಧ ತುಂಬಿದೀವಿ. ಕೈ ಕೊಟ್ಟಿರೋದು ಸೈಟೇಶನ್. ಸಾಧನೆನ ನಿರೂಪಣೆ ರೂಪದಲ್ಲಿ ಬರೀಬೇಕು, 800 ಪದ ಮೀರಬಾರದು. ನಮ್ಮ ಹತ್ರ ಇರೋದು ಅವರ ಮಗ ಮುಂದೆ ನಿಂತು ಮಾಡಿಸಿದ 180 ಪುಟದ ಅಭಿನಂದನ ಗ್ರಂಥ, ಜೊತೆಗೆ ಒಂದು ಟ್ರಂಕ್ ತುಂಬ ಹಾರ ಶಾಲು ಫೋಟೋ. ಎಲ್ಲ ಸೇರಿಸಿ ಒಂದು ಮೊದಲ ಪ್ಯಾರಾ ಮಾಡಿದೀನಿ, ನೋಡಿ ಹೇಳಿ:

"ಕಲ್ಪತರು ನಾಡಿನ ಬಡ ರೈತ ಕುಟುಂಬದಲ್ಲಿ 1946ರಲ್ಲಿ ಜನಿಸಿದ ಶ್ರೀಯುತರು ಬಾಲ್ಯದಿಂದಲೇ ಕಲೆಯ ಬಗ್ಗೆ ಅಪಾರ ಆಸಕ್ತಿ ಹೊಂದಿದ್ದು, ನಾಲ್ಕನೇ ತರಗತಿಯವರೆಗೆ ವ್ಯಾಸಂಗ ಮಾಡಿ, ತಂದೆಯವರಿಂದ ಭಾಗವತಿಕೆ ಕಲಿತು, ಕಳೆದ ಆರು ದಶಕಗಳಿಂದ ನಿಸ್ವಾರ್ಥ ಕಲಾಸೇವೆ ಸಲ್ಲಿಸುತ್ತಾ, ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನ ನೀಡಿ, ಸಾವಿರಾರು ಶಿಷ್ಯರನ್ನು ತಯಾರು ಮಾಡಿ, ನೂರಾರು ಸನ್ಮಾನಗಳಿಗೆ ಭಾಜನರಾಗಿ ನಾಡಿನ ಸಾಂಸ್ಕೃತಿಕ ಲೋಕಕ್ಕೆ ತಮ್ಮದೇ ಆದ ಕೊಡುಗೆ ನೀಡಿರುತ್ತಾರೆ."

ಓದೋಕೆ ಚೆನ್ನಾಗೇ ಇದೆ ಆದ್ರೆ ಏನೋ ಸಪ್ಪೆ ಅನ್ಸುತ್ತೆ.

ಎಂಎಲ್ಎ ಮನೆ ಪಕ್ಕ
ಬ್ರದರ್ ಪ್ಯಾರಾ ಎಲ್ಲ ಆಮೇಲೆ, ಮೊದ್ಲು ಎಂಪಿ ಇಲ್ಲ ಎಂಎಲ್ಎ ಹತ್ರ ಶಿಫಾರಸು ಪತ್ರ ತಗೊಳ್ಳಿ, ಅದಿಲ್ದೆ ಡಿಸಿ ಆಫೀಸ್ ದಾಟಲ್ಲ ಫೈಲು. ಆಮೇಲೆ ಅವರೇ ಅರ್ಜಿ ಹಾಕ್ಕೊಂಡ್ರೆ ರಿಜೆಕ್ಟು, ಬೇರೆಯವರೇ ಹಾಕ್ಬೇಕು.

ಕಡತದ ಧೂಳು
ಪದ್ಮಕ್ಕೆ ಶಿಫಾರಸು ಪತ್ರ ಕಡ್ಡಾಯ ಇಲ್ಲ. ಯಾರು ಬೇಕಾದರೂ ಯಾರನ್ನ ಬೇಕಾದರೂ ನಾಮನಿರ್ದೇಶನ ಮಾಡಬಹುದು, ತಮ್ಮನ್ನ ತಾವೇ ಮಾಡಿಕೊಳ್ಳೋದಕ್ಕೂ ಅವಕಾಶ ಇದೆ, ಎಲ್ಲ ಆನ್‌ಲೈನಲ್ಲೇ. ರಾಜ್ಯ ಸರ್ಕಾರವೂ ತನ್ನ ಪಟ್ಟಿ ಕಳಿಸುತ್ತೆ, ಆ ದಾರಿಯಲ್ಲಿ ಡಿಸಿ ಆಫೀಸಿನ ಮಾತು ಬರಬಹುದು, ನೀವು ಕೇಳಿರೋದು ಬಹುಶಃ ಅದು. ಎರಡೂ ಬೇರೆ ಬೇರೆ ದಾರಿ.

ಕೊಬ್ಬರಿಯವರೆ, ನಾನು ನಿವೃತ್ತಿಗೆ ಮುಂಚೆ ಜಾನಪದದ ಕೆಲಸದಲ್ಲಿದ್ದೆ, ರಾಜ್ಯ ಮಟ್ಟದ ಒಂದು ಪ್ರಶಸ್ತಿಗೆ ಬಂದ ಅರ್ಜಿಗಳನ್ನ ಓದಿ ಸಮಿತಿ ಮುಂದೆ ಇಡೋ ಕೆಲಸ ಕೆಲವು ವರ್ಷ ಮಾಡಿದೀನಿ. ನಿಮ್ಮ ಪ್ಯಾರಾದಲ್ಲಿ "ಭಾಗವತಿಕೆ" ಅನ್ನೋದನ್ನ ತೆಗೆದು "ಡೊಳ್ಳು ಕುಣಿತ" ಅಂತ ಹಾಕಿ, "ಕಲ್ಪತರು ನಾಡು" ತೆಗೆದು "ಮಲೆನಾಡು" ಅಂತ ಹಾಕಿ. ಶಿವಮೊಗ್ಗದ ಯಾರೋ ಡೊಳ್ಳು ಮೇಷ್ಟ್ರಿಗೆ ಅಳತೆ ತಗೊಂಡು ಹೊಲಿದ ಹಾಗೆ ಕೂತ್ಕೊಳ್ಳುತ್ತೆ. ಸಪ್ಪೆ ಅನಿಸೋದು ಅದಕ್ಕೇ. ಇಂಥ ಅರ್ಜಿ ಒಂದೇ ದಿನದಲ್ಲಿ ರಾಶಿ ಓದಿದೀನಿ, ಸಂಜೆ ಹೊತ್ತಿಗೆ ಯಾರ ಮುಖವೂ ನೆನಪಿರ್ತಿರಲಿಲ್ಲ.

ನೀವು ಬರೆದಿರೋದು ಬಿನ್ನವತ್ತಳೆ. ಸನ್ಮಾನದ ದಿನ ವೇದಿಕೆ ಮೇಲೆ ಓದೋಕೆ ಅದು ಸರಿ, ಯಾಕಂದ್ರೆ ಅಲ್ಲಿ ಕೂತಿರೋರಿಗೆಲ್ಲ ಅವರು ಯಾರು ಅಂತ ಗೊತ್ತು, ಪ್ರಶಸ್ತಿ ಆಗಲೇ ಕೊಟ್ಟಾಗಿದೆ. ನಾಮನಿರ್ದೇಶನ ಓದೋರಿಗೆ ಅವರೂ ಗೊತ್ತಿಲ್ಲ, ಮೂಡಲಪಾಯವೂ ಗೊತ್ತಿಲ್ಲ. ಯಕ್ಷಗಾನ ಅಂದ ತಕ್ಷಣ ಅವರ ಕಣ್ಣಿಗೆ ಬರೋದು ಕರಾವಳಿಯ ಮೇಳ.

ಹಾಗಾಗಿ ಒಂದು ಪ್ರಶ್ನೆಗೆ ಉತ್ತರ ಕೊಡಿ. ಈ ಮನುಷ್ಯ ಇರದೇ ಹೋಗಿದ್ರೆ ನಿಮ್ಮ ಸೀಮೇಲಿ ಇವತ್ತು ಏನು ಇರ್ತಿರಲಿಲ್ಲ?

ತಿಪಟೂರು ಕೊಬ್ಬರಿ
ಮೇಡಂ (ಸರ್?) ಇದು ಒಳ್ಳೆ ಪ್ರಶ್ನೆ. ನಂಗೆ ತೋಚೋದು ಹೇಳ್ತೀನಿ. ನಮ್ಮ ಕಡೆ ಆಟ ಆಡೋರು ಊರಿನ ರೈತರೇ, ಮೇಳ ಕಟ್ಕೊಂಡು ಊರೂರು ತಿರುಗೋರಲ್ಲ. ಸುಗ್ಗಿ ಕಳೆದ ಮೇಲೆ ಊರೋರು ಭಾಗವತರನ್ನ ಕರ್ಕೊಂಡು ಬಂದು ಮನೇಲಿ ಇಟ್ಕೊತಾರೆ, ಅವರು ಎರಡು ಮೂರು ತಿಂಗಳು ಅಲ್ಲೇ ಉಳ್ಕೊಂಡು ರಾತ್ರಿ ಹೊತ್ತು ಪದ, ಮಾತು, ಕುಣಿತ ಎಲ್ಲ ಕಲಿಸಿ, ಜಾತ್ರೆ ದಿನ ಕಿರೀಟ ಭುಜಕೀರ್ತಿ ಕಟ್ಟಿಸಿ ಆಡಿಸ್ತಾರೆ. ಭಾಗವತರು ಬರದೇ ಇದ್ರೆ ಆ ಊರಲ್ಲಿ ಆ ವರ್ಷ ಆಟ ಇಲ್ಲ ಅಷ್ಟೇ. ನಮ್ಮ ಸುತ್ತಮುತ್ತ ಹಂಗೆ ನಿಂತೋಗಿರೋ ಊರು ಬೇಕಾದಷ್ಟಿವೆ, ಇವರು ಹೋದ ಊರುಗಳಲ್ಲಿ ಮಾತ್ರ ಇನ್ನೂ ಕರಿಭಂಟನ ಕಾಳಗ ನಡೀತಿದೆ.

ಕಡತದ ಧೂಳು
ಮೇಡಮ್ಮೇ. ನೋಡಿ, ಈಗ ಬರೆದ ನಾಲ್ಕು ಸಾಲು ನಿಮ್ಮ ಪ್ಯಾರಾಕ್ಕಿಂತ ಎಷ್ಟೋ ಮೇಲು, ಇದು ಗ್ರಂಥದಲ್ಲಿ ಎಲ್ಲಾದ್ರೂ ಇದೆಯಾ?

ತಿಪಟೂರು ಕೊಬ್ಬರಿ
ಇಲ್ಲ 😅 ನಮ್ಮೋರಿಗೆಲ್ಲ ಗೊತ್ತಿರೋದೇ ಅಲ್ವಾ ಅಂತ ಯಾರೂ ಬರೆದಿಲ್ಲ.

ಧಾರವಾಡ ಮಂದಿ
ಇದ ನೋಡ್ರಿ ಎಲ್ಲಾ ಅಭಿನಂದನ ಗ್ರಂಥದ ಹಣೆಬರಹ. ಬರದವರೆಲ್ಲಾ ಪರಿಚಯದವರು, ಒಬ್ಬಾಂವ "ನಾ ಕಂಡಂತೆ" ಅಂತ ಬರದಿರ್ತಾನ, ಅದರಾಗ ಅರ್ಧಾ ತನ್ನ ಸುದ್ದಿನ ಇರತದ. ನಾ ಒಬ್ಬ ಸಣ್ಣಾಟದ ಹಿರಿಯರ ಸಲುವಾಗಿ ಇಂಥಾದ್ದ ಕೆಲಸ ಮಾಡಿದ್ದೆ. ಪುಸ್ತಕದಾಗ ಪೆನ್ಸಿಲ್ ಹಿಡಕೊಂಡು ಕುಂತೆ, ಅವರು ಏನ ಮಾಡಿದರು ಅನ್ನೂದು ಎಲ್ಲೆಲ್ಲಿ ಅದ ಅಲ್ಲಷ್ಟ ಗೆರಿ ಹೊಡದೆ. ಹೆಂಗಿದ್ದರು, ಎಂಥಾ ಮನಸ್ಯಾ, ಯಾರ್ಯಾರು ಶಾಲು ಹೊಚ್ಚಿದರು, ಅದಕ್ಕೆಲ್ಲಾ ಗೆರಿ ಇಲ್ಲ. ದೊಡ್ಡ ಪುಸ್ತಕದಾಗ ಗೆರಿ ಬಿದ್ದ ಸಾಲು ಕೂಡಿಸಿದರ ಎರಡ ಪುಟ ಆಗಲಿಲ್ರಿ. ಸಂಕ್ಷೇಪ ಮಾಡೂದು ಅಂದ್ರ ಕತ್ತರಿಸೂದು ಅಂತ ತಿಳಕೊಂಡಿದ್ದೆ, ಖರೇ ನೋಡಿದರ ಕತ್ತರಿಸಲಿಕ್ಕೆ ಅಲ್ಲಿ ಏನೂ ಇದ್ದಿಲ್ಲ, ಹೊರಗ ಹೋಗಿ ಕೇಳಿಕೊಂಡು ಬರಬೇಕಾತು.

ರಿಟೈರ್ಡ್ ಹೆಡ್ ಮಾಸ್ಟರ್ ಮಗ
ನಮ್ಮ ತಂದೆ 38 ವರ್ಷ ಶಿಕ್ಷಕರಾಗಿದ್ರು, ಎಲ್ಲ ಊರಲ್ಲೂ ಒಳ್ಳೆ ಹೆಸರು, ಹೋದ ವರ್ಷ ತೀರ್ಕೊಂಡ್ರು. ಅವರ ಬಯೋಡೇಟಾ ಕಳಿಸ್ತೀನಿ, ಯಾರಾದ್ರೂ ಒಂದು ಪ್ಯಾರಾ ಮಾಡಿಕೊಡ್ತೀರಾ? ಸರ್ಕಾರಿ ನೌಕರರಿಗೆ ಪದ್ಮ ಇಲ್ಲ ಅಂತಾರಲ್ಲ ನಿಜಾನಾ?

ಕಡತದ ಧೂಳು
ತಂದೆಯವರ ವಿಷಯ ಕೇಳಿ ಬೇಜಾರಾಯ್ತು. ವೈದ್ಯರು, ವಿಜ್ಞಾನಿಗಳನ್ನ ಬಿಟ್ಟು ಸೇವೆಯಲ್ಲಿರೋ ಸರ್ಕಾರಿ ನೌಕರರಿಗೆ ಇಲ್ಲ, ನಿವೃತ್ತರಾದವರಿಗೆ ಅದು ಅಡ್ಡಿಯಲ್ಲ. ಆದ್ರೆ ಸಾಮಾನ್ಯವಾಗಿ ಮರಣೋತ್ತರವಾಗಿ ಕೊಡೋದಿಲ್ಲ, ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಕೊಬ್ಬರಿಯವರೆ, ಮುಂದಿನ ಕೆಲಸ ನಿಮ್ಮ ಅಂಕಿಗಳದ್ದು. ಹತ್ತು ಸಾವಿರ ಪ್ರದರ್ಶನ ಎಲ್ಲಿಂದ ಬಂತು?

ತಿಪಟೂರು ಕೊಬ್ಬರಿ
ಗ್ರಂಥದಲ್ಲಿ ಮೂರು ಲೇಖನದಲ್ಲಿದೆ. ಒಂದರಲ್ಲಿ ಎಂಟು ಸಾವಿರ.

ಕಡತದ ಧೂಳು
ಸ್ವಲ್ಪ ಲೆಕ್ಕ ಹಾಕಿ. 60 ವರ್ಷಕ್ಕೆ 10,000 ಅಂದ್ರೆ ವರ್ಷಕ್ಕೆ 166 ರಾತ್ರಿ. ನೀವೇ ಹೇಳಿದ್ರಿ ಆಟ ಸುಗ್ಗಿ ಆದ ಮೇಲೆ ಅಂತ, ಅಂದ್ರೆ ಜನವರಿಯಿಂದ ಮೇ ತನಕ ಹೆಚ್ಚೂಕಮ್ಮಿ 150 ರಾತ್ರಿ. ಅದರಲ್ಲೂ ಎರಡು ಮೂರು ತಿಂಗಳು ಒಂದೇ ಊರಲ್ಲಿ ಕಲಿಸ್ತಾ ಕೂತಿರ್ತಾರೆ, ಒಂದಾಟ ಅಂದ್ರೆ ಇಡೀ ರಾತ್ರಿ. ಇರೋ ರಾತ್ರಿಗಿಂತ ಆಟವೇ ಜಾಸ್ತಿ ಆಯ್ತಲ್ಲ. ಇದನ್ನ ಓದೋರು ಹೀಗೇ ಭಾಗಿಸಿ ನೋಡ್ತಾರೆ, ನಾನಂತೂ ನೋಡ್ತಿದ್ದೆ. ಒಂದು ಅಂಕಿ ಉಬ್ಬಿಸಿದ್ದು ಅಂತ ಗೊತ್ತಾದ ಮೇಲೆ ಮಿಕ್ಕ ನಿಜವಾದ ಅಂಕಿಗಳ ಮೇಲೂ ಅನುಮಾನ ಬರುತ್ತೆ, ಪಾಪ ಆ ಹಿರಿಯರು ಎಲ್ಲೂ ಸುಳ್ಳು ಹೇಳಿರಲ್ಲ, ಹೊಗಳೋರು ಸೇರಿಸಿರ್ತಾರೆ.

ಅವರು ಹೋದ ಊರುಗಳ ಲೆಕ್ಕ ಎಲ್ಲಾದ್ರೂ ಇರುತ್ತಾ ಕೇಳಿ. ಹಳೇ ಭಾಗವತರು ಸಂಭಾವನೆ ಲೆಕ್ಕಕ್ಕಾದ್ರೂ ಬರೆದಿಟ್ಟಿರ್ತಾರೆ.

ಬಂಟ್ವಾಳದ ಭಾವ
ಅಲ್ಲ ಮೇಡಂ, ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ 15,000ಕ್ಕೂ ಹೆಚ್ಚು ಹೆರಿಗೆ ಅಂತ ಎಲ್ಲ ಪೇಪರಿನಲ್ಲಿ ಬಂದಿತ್ತು. ಪಾವಗಡದ ಆ ಅಜ್ಜಿ ಹತ್ರ ರಿಜಿಸ್ಟರ್ ಯಾರು ಕೇಳಿದ್ರು ಮಾರಾಯ್ರೆ? ಬಡವರ ಕೆಲಸಕ್ಕೆ ದಾಖಲೆ ಎಲ್ಲಿಂದ ಬರಬೇಕು? ಹೀಗೆ ಭಾಗಾಕಾರ ಮಾಡ್ತಾ ಕೂತ್ರೆ ದಾಖಲೆ ಇಡುವ ಪೇಟೆಯವರಿಗೇ ಪ್ರಶಸ್ತಿ ಹೋಗುವುದು.

ಕಡತದ ಧೂಳು
ಮಾತು ನ್ಯಾಯವಾದದ್ದೇ. ಆದ್ರೆ ಅವರ ವಿಷಯದಲ್ಲಿ ಆ ಅಂಕಿ ಇಲ್ಲದಿದ್ರೂ ಕಥೆ ನಿಲ್ಲುತ್ತೆ. ಆಸ್ಪತ್ರೆ ಇಲ್ಲದ ಸೀಮೇಲಿ ದಶಕಗಟ್ಟಲೆ ಕಾಸು ಮುಟ್ಟದೆ ಹೆರಿಗೆ ಮಾಡಿಸಿದ್ರು, ಅದಕ್ಕೆ ಸುತ್ತಲ ಊರಿನವರೇ ಸಾಕ್ಷಿ. ಬರವಣಿಗೆ ಇರಲೇಬೇಕು ಅಂತ ನಾನು ಹೇಳ್ತಿಲ್ಲ, ಕೇಳಿದ್ರೆ ಇಂಥವರು ಹೇಳ್ತಾರೆ ಅನ್ನೋ ಹಾಗಾದ್ರೂ ಇರಲಿ ಅಂತ.

ಬಂಟ್ವಾಳದ ಭಾವ
ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೂ ಸರಿ. ನಮ್ಮ ಕಡೆಯದ್ದೇ ಹೇಳುವುದಾದ್ರೆ ಹಾಜಬ್ಬರದ್ದು ಎಷ್ಟು ಸುಲಭ ನೋಡಿ, ಕಿತ್ತಳೆ ಮಾರಿದ ದುಡ್ಡಲ್ಲಿ ಊರಿಗೆ ಶಾಲೆ ತಂದ್ರು, ಮುಗೀತು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದು ಬೋಳುಗುಡ್ಡೆಯಲ್ಲಿ ತೋಟ ಮಾಡಿದ್ರು, ಅದೂ ಒಂದೇ ವಾಕ್ಯ. ಭಾಗವತರದ್ದು ಹಾಗೆ ಕಣ್ಣಿಗೆ ಕಾಣುವ ಕಟ್ಟಡವೂ ಅಲ್ಲ, ನೀರೂ ಅಲ್ಲ. ಅದೇ ಕಷ್ಟ ಕಾಣುತ್ತದೆ.

ತಿಪಟೂರು ಕೊಬ್ಬರಿ
ಸಿಕ್ತು!! ನಿನ್ನೆ ಭಾಗವತರ ಮನೆಗೇ ಹೋಗಿ ಕೇಳ್ದೆ, ಅಟ್ಟದ ಮೇಲಿಂದ ಒಂದು ಗೋಣಿಚೀಲ ಇಳಿಸಿದ್ರು, ಒಳಗೆ ಉದ್ದನೆ ಲೆಕ್ಕದ ಪುಸ್ತಕಗಳು. ಊರು, ಯಾವ ಪ್ರಸಂಗ, ಯಾವ ಜಾತ್ರೆಗೆ ಆಟ, ಎಷ್ಟು ಪಲ್ಲ ರಾಗಿ ಕೊಟ್ರು ಎಲ್ಲ ಬರೆದಿದಾರೆ, 1965ರಿಂದ. ಒಂದೆರಡು ಪುಸ್ತಕ ಗೆದ್ದಲು ತಿಂದಿದೆ. ಒಂದೇ ಊರು ಎರಡು ಸಲ ಬಂದಿದ್ರೆ ಒಂದೇ ಅಂತ ಹಿಡಿದು ಎಣಿಸಿದ್ರೆ 86 ಊರು ಆಯ್ತು, ತುಮಕೂರು ಹಾಸನ ಎರಡೂ ಜಿಲ್ಲೆ ಸೇರಿ. ಅದೇ ಚೀಲದಲ್ಲಿ ಅವರು ಕೈಯಲ್ಲಿ ಬರೆದ ಪ್ರಸಂಗಗಳು 14 ಇದಾವೆ, ಅವರಪ್ಪ ಬಾಯಲ್ಲಿ ಹೇಳ್ತಿದ್ದದ್ದನ್ನ ಬರ್ಕೊಂಡಿದ್ದಂತೆ. ಇನ್ನೊಂದು ವಿಷಯ, 2003ರಲ್ಲಿ ಅವರ ಊರಲ್ಲೇ ಹೆಣ್ಣುಮಕ್ಕಳ ತಂಡ ಕಟ್ಟಿ ಆಡಿಸಿದಾರೆ, ಆ ತಂಡದ ಇಬ್ಬರು ಈಗ ತಾವೇ ಬೇರೆ ಊರಿಗೆ ಹೋಗಿ ಕಲಿಸ್ತಾರೆ. ಗ್ರಂಥದಲ್ಲಿ ಇದು ಒಂದು ಫೋಟೋ ಕೆಳಗಿನ ಅರ್ಧ ಸಾಲು!

ಎಂಎಲ್ಎ ಮನೆ ಪಕ್ಕ
ಸೂಪರ್, ಹಂಗಾದ್ರೆ "ರಾಜ್ಯದಲ್ಲೇ ಪ್ರಥಮ ಮಹಿಳಾ ಮೂಡಲಪಾಯ ತಂಡ ಕಟ್ಟಿದ ಕೀರ್ತಿ" ಅಂತ ಹಾಕಿ ಗುರು. ಫಸ್ಟ್ ಅಂದ್ರೇನೆ ಡೆಲ್ಲಿಯವರಿಗೆ ಕಿವಿ ನೆಟ್ಟಗಾಗೋದು.

ಕಡತದ ಧೂಳು
ಫಸ್ಟ್ ಅಂದ್ರೆ ಕಿವಿ ನೆಟ್ಟಗಾಗುತ್ತೆ ಅನ್ನೋದು ನಿಜ. ಆದ್ರೆ ಮಂಡ್ಯ ಕಡೆ, ಕೋಲಾರ ಕಡೆ ಅದಕ್ಕೂ ಮುಂಚೆ ಯಾರೂ ಕಟ್ಟಿರಲಿಲ್ಲ ಅಂತ ನಿಮ್ಮಲ್ಲಿ ಯಾರಿಗೆ ಗೊತ್ತು? ಅರ್ಜಿ ಮೇಲೆ ವಿಚಾರಣೆಗೆ ಬಂದವರು ಇನ್ನೊಬ್ಬ ಭಾಗವತರನ್ನ ಕೇಳ್ತಾರೆ, ಅವರು "ಹೇ ನಮ್ಮೂರಲ್ಲಿ ಅದಕ್ಕಿಂತ ಮುಂಚೆ ಇತ್ತು" ಅಂದ್ರೆ ಕಥೆ ಮುಗೀತು. "ಗಂಡಸರಷ್ಟೇ ಆಡುತ್ತಿದ್ದ ತಮ್ಮ ಊರಿನಲ್ಲಿ" ಅಂದ್ರೆ ಸಾಕು. ತಂಡ ಕಟ್ಟಿದ್ದಕ್ಕಿಂತ ಆ ಇಬ್ಬರು ಇವತ್ತು ಕಲಿಸ್ತಿರೋದು ದೊಡ್ಡ ವಿಷಯ. ಅಲ್ಲಿ ಶಿಷ್ಯರು ಭಾಗವತರಾದ್ರು, ಸಾವಿರಾರು ಶಿಷ್ಯರು ಅನ್ನೋದಕ್ಕಿಂತ ಇದು ತೂಕ.

ಈಗ ಪ್ಯಾರಾ ಬರೆದು ಹಾಕಿ. ಹುಟ್ಟಿದ ವರ್ಷ, ಓದು, ತಂದೆ ಹೆಸರು ಬೇಡ, ಅದಕ್ಕೆಲ್ಲ ಬೇರೆ ಜಾಗ ಇದೆ. ಮೊದಲು ಕಲೆಗೆ ಏನು ಬೇಕಿತ್ತು, ಆಮೇಲೆ ಇವರು ಏನು ಮಾಡಿದ್ರು, ಆಮೇಲೆ ಏನು ಉಳೀತು.

ತಿಪಟೂರು ಕೊಬ್ಬರಿ
ಇಗೋ:

"ಮೂಡಲಪಾಯ ಯಕ್ಷಗಾನವನ್ನು ಆಡುವವರು ವೃತ್ತಿ ಕಲಾವಿದರಲ್ಲ, ಊರಿನ ರೈತರು. ಅವರಿಗೆ ಆಟ ಕಲಿಸಲು ಭಾಗವತರೊಬ್ಬರು ಬಂದು ಊರಲ್ಲಿ ನಿಲ್ಲಬೇಕು. ಭಾಗವತರು ಸಿಗದ ಊರುಗಳಲ್ಲಿ ಆಟ ನಿಂತುಹೋಗಿದೆ. 1965ರಿಂದ ಶ್ರೀಯುತರು ತುಮಕೂರು ಮತ್ತು ಹಾಸನ ಜಿಲ್ಲೆಗಳ 86 ಊರುಗಳಲ್ಲಿ, ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ಉಳಿದು, ಓದು ಬರಹ ಬಾರದವರಿಗೂ ಪದ, ಮಾತು, ಕುಣಿತ ಕಲಿಸಿ ಇಡೀ ರಾತ್ರಿಯ ಆಟ ಆಡಿಸಿದ್ದಾರೆ. ಊರು ಮತ್ತು ಪ್ರಸಂಗಗಳ ವಿವರ ಅವರೇ ಇಟ್ಟ ಲೆಕ್ಕದ ಪುಸ್ತಕಗಳಲ್ಲಿದೆ. ತಂದೆಯವರ ಬಾಯಲ್ಲಿದ್ದ 14 ಪ್ರಸಂಗಗಳನ್ನು ಬರೆದು ಉಳಿಸಿದ್ದಾರೆ. ಗಂಡಸರಷ್ಟೇ ಆಡುತ್ತಿದ್ದ ತಮ್ಮ ಊರಿನಲ್ಲಿ 2003ರಲ್ಲಿ ಹೆಣ್ಣುಮಕ್ಕಳ ತಂಡ ಕಟ್ಟಿದರು. ಆ ತಂಡದ ಇಬ್ಬರು ಇಂದು ತಾವೇ ಭಾಗವತರಾಗಿ ಬೇರೆ ಊರುಗಳಲ್ಲಿ ಕಲಿಸುತ್ತಿದ್ದಾರೆ."

ಧಾರವಾಡ ಮಂದಿ
ಛಲೋ ಆತು! ಮೊದಲಿಂದಕ್ಕೂ ಇದಕ್ಕೂ ಅಜಗಜಾಂತರ. ಒಂದೂ ಹೊಗಳಿಕಿ ಶಬ್ದ ಇಲ್ಲ, ಆದರೂ ಓದಿದರ ಕೈ ಮುಗಿಬೇಕು ಅನಸ್ತದ. ಒಂದ ಮಾತು, ಇಂಗ್ಲಿಷಿಗೆ ಮಾಡೂದಿದ್ದರ ಈಗ ಜಾಗಾ ಲೆಕ್ಕಾ ಹಾಕ್ರಿ. "ಕಲಿಸುತ್ತಿದ್ದಾರೆ" ನಮಗ ಒಂದ ಶಬ್ದ, ಅವರಿಗೆ ಮೂರು. ಕನ್ನಡದಾಗ 800 ಬರದು ಇಂಗ್ಲಿಷ್ ಮಾಡಲಿಕ್ಕೆ ಹೋದರ ಸಾವಿರ ದಾಟಿ ಹೋಗ್ತದ, ಆಮ್ಯಾಲೆ ಗಡಿಬಿಡ್ಯಾಗ ಕಡೀ ಭಾಗ ಕತ್ತರಿಸ್ತೀರಿ, ಬೇಕಾದ್ದ ಹೋಗಿರ್ತದ. ಕನ್ನಡ ಕರಡು 500 ರ ಸುತ್ತ ನಿಲ್ಲಸ್ರಿ.

ಕಡತದ ಧೂಳು
ಚೆನ್ನಾಗಿದೆ. ಎರಡು ತಿದ್ದುಪಡಿ. "ಆಟ ನಿಂತುಹೋಗಿದೆ" ಅನ್ನೋದಕ್ಕೆ ನಿಮ್ಮ ಕಣ್ಣೆದುರಿನ ಒಂದು ಊರಿನ ಉದಾಹರಣೆ ಇಟ್ಕೊಳ್ಳಿ, ಇಲ್ಲಿ ಬೇಡ, ಮುಂದಿನ ಪ್ಯಾರಾದಲ್ಲಿ. ಆಮೇಲೆ 86 ಅನ್ನೋದಕ್ಕೆ "ಉಳಿದಿರುವ ಪುಸ್ತಕಗಳ ಪ್ರಕಾರ" ಅಂತ ಸೇರಿಸಿ, ಗೆದ್ದಲು ತಿಂದದ್ದು ಇದೆಯಲ್ಲ. ಕಡಿಮೆ ಹೇಳಿದ್ರಿ ಅಂತ ಯಾರೂ ಬೈಯಲ್ಲ. ಮಿಕ್ಕ ಪ್ಯಾರಾಗಳು ಇದೇ ಪ್ಯಾರಾದ ಒಂದೊಂದು ವಾಕ್ಯ ಬಿಡಿಸಿ ಹೇಳೋ ಹಾಗಿರಲಿ, ಹೊಸ ಸುದ್ದಿ ತಂದು ತುಂಬಬೇಡಿ. 800 ಅನ್ನೋದು ಮಿತಿ, ತುಂಬಲೇಬೇಕು ಅಂತಿಲ್ಲ, 600ಕ್ಕೆ ಮುಗಿದ್ರೆ ಬಿಟ್ಟುಬಿಡಿ. ಆ ಪುಸ್ತಕಗಳನ್ನ ಮೊದಲು ಫೋಟೋ ತೆಗೆದಿಡಿ, ಪ್ರಶಸ್ತಿ ಬರಲಿ ಬಿಡಲಿ.

ತಿಪಟೂರು ಕೊಬ್ಬರಿ
ಫೋಟೋ ಇವತ್ತೇ ಶುರು ಮಾಡ್ತೀವಿ. ಈಗ ಬೇರೆ ತಲೆನೋವು, ಅವರ ಮಗನಿಗೆ ಈ ಪ್ಯಾರಾ ಇಷ್ಟ ಆಗ್ಲಿಲ್ಲ. "ನಮ್ಮಪ್ಪ ಬರಗಾಲದಲ್ಲಿ ಹೆಂಡ್ತಿ ತಾಳಿ ಅಡ ಇಟ್ಟು ವೇಷಭೂಷಣ ತಂದ್ರು, ಅದಿಲ್ದೆ ಏನು ಬರೀತೀರಿ, 42 ಸನ್ಮಾನ ಬಂದಿದಾವೆ, ಒಂದೂ ಇಲ್ವಲ್ಲ" ಅಂತ. ಮುಖ ಊದಿಸ್ಕೊಂಡು ಕೂತವ್ರೆ.

ಬಂಟ್ವಾಳದ ಭಾವ
ತಾಳಿದ್ದು ಹಾಕಿ ಮಾರಾಯ್ರೆ, ಅದನ್ನ ಬಿಟ್ರೆ ಮನುಷ್ಯ ಎಲ್ಲಿ ಉಳಿದ? ಲೆಕ್ಕದ ಪುಸ್ತಕ ಮಾತ್ರ ಉಳಿಯುತ್ತದೆ.

ಧಾರವಾಡ ಮಂದಿ
ಬ್ಯಾಡ್ರಿ. ಬಡತನ ಹೇಳಲಿಕ್ಕೆ ಶುರು ಮಾಡಿದರ ಅರ್ಜಿ ಹೋಗಿ ಮಾಸಾಶನದ ಅರ್ಜಿ ಆಗ್ತದ. ಕಲಾವಿದರ ಮಾಸಾಶನಕ್ಕ ಬ್ಯಾರೆ ಫಾರಂ ಅದ.

ಕಡತದ ಧೂಳು
ನಾನು ಇಬ್ಬರ ನಡುವೆ. ಕಷ್ಟಪಟ್ಟರು ಅನ್ನೋದಕ್ಕಾಗಿ ಹಾಕೋದಾದ್ರೆ ಬೇಡ. ಆ ವೇಷಭೂಷಣ ಇಲ್ಲದಿದ್ರೆ ಆ ವರ್ಷ ಇಂಥ ಊರುಗಳಲ್ಲಿ ಆಟ ನಡೀತಿರಲಿಲ್ಲ ಅಂತಿದ್ರೆ ಅದು ಸಾಧನೆಯ ಭಾಗವೇ, ಎರಡನೇ ಪ್ಯಾರಾದಲ್ಲಿ ಒಂದೇ ವಾಕ್ಯ ಬರಲಿ. ಆದ್ರೆ ಅದಕ್ಕೂ ಮೊದಲು ಆ ತಾಯಿಯವರನ್ನೇ ಕೇಳಿ, ಅವರ ಮನೆ ವಿಷಯ ಅದು, ಡೆಲ್ಲಿ ತನಕ ಹೋಗೋದು ಅವರಿಗೆ ಇಷ್ಟವಾ ಅಂತ. ಸನ್ಮಾನಗಳಲ್ಲಿ ಅಕಾಡೆಮಿಯದ್ದು, ಸರ್ಕಾರದ್ದು ಇದ್ರೆ ಅವು ಫಾರಂನಲ್ಲಿ ಬರಲಿ, ಸಂಘಗಳ ಶಾಲು ಬೇಡ.

ಎಂಎಲ್ಎ ಮನೆ ಪಕ್ಕ
42 ಸನ್ಮಾನ ಪೂರ್ತಿ ಬಿಡೋದಾ?? ಜಿಲ್ಲಾಡಳಿತದ್ದಾದ್ರೂ ಹಾಕಿ. ಲಾಸ್ಟ್ ಡೇಟ್ ಸೆಪ್ಟೆಂಬರ್ 15 ಅಲ್ವಾ, ಟೈಮಿದೆ.

ಕಡತದ ಧೂಳು
ಅದು 2025ರ ಪ್ರಶಸ್ತಿಗೆ. ಅದರ ಮುಂದಿನ ವರ್ಷ ಜುಲೈ 31 ಅಂತ ಹಿಂದಕ್ಕೆ ಬಂತು. ಕೊನೇ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗ್ತಿದೆ, ಪೋರ್ಟಲಲ್ಲಿ ಈ ಸಲದ್ದು ನೋಡ್ಕೊಳ್ಳಿ.

ತಿಪಟೂರು ಕೊಬ್ಬರಿ
ನೋಡ್ಕೊಂಡಿದೀನಿ ಮೇಡಂ, ಇನ್ನೂ ಟೈಮಿದೆ. ಅಜ್ಜಿನ ಕೇಳ್ದೆ, "ತಾಳಿ ವಿಷ್ಯ ಬ್ಯಾಡ ಕಣಪ್ಪ, ಬಿಡಿಸ್ಕಂಡಾಯ್ತಲ್ಲ, ಹೆಣ್ಮಕ್ಕಳಿಗೆ ಸೀರೆ ಉಡ್ಸಿ ವೇಷ ಕಟ್ಟಿದ್ದು ನಾನು, ಅದನ್ನ ಬರಿ" ಅಂದ್ರು! ಆ ತಂಡಕ್ಕೆ ವೇಷ ಕಟ್ಟಿದ್ದೆಲ್ಲ ಅಜ್ಜಿಯಂತೆ, ನಮಗ್ಯಾರಿಗೂ ಗೊತ್ತಿರಲಿಲ್ಲ. ಈಗ ಇದನ್ನ ಭಾಗವತರ ಸೈಟೇಶನ್ನಲ್ಲಿ ಸೇರಿಸ್ಬೋದಾ, ಇಲ್ಲ ಇಬ್ಬರ ಕೆಲಸ ಅಂತ ಬರೆದ್ರೆ ಅವರ ಅರ್ಜಿಗೆ ತೂಕ ಕಮ್ಮಿ ಆಗುತ್ತಾ?

ಕಡತದ ಧೂಳು
ನನ್ನ ಪ್ರಕಾರ ಸೇರಿಸಿ, ಕಮ್ಮಿ ಆಗಲ್ಲ. ಆದ್ರೆ ಒಬ್ಬರ ಅರ್ಜಿಯಲ್ಲಿ ಇನ್ನೊಬ್ಬರ ಹೆಸರು ಬೇಡ ಅನ್ನೋರನ್ನೂ ಸಮಿತಿಯಲ್ಲಿ ನೋಡಿದೀನಿ. ಧಾರವಾಡದವರೆ, ನೀವೇನಂತೀರಿ?

ಧಾರವಾಡ ಮಂದಿ
ನಾ ಏನಂತೀನಿ ಅಂದ್ರ, ಅಜ್ಜಿ ಸಲುವಾಗಿ ಇನ್ನೊಂದ ಅರ್ಜಿ ಬರೀರಿ, ರಾಜ್ಯೋತ್ಸವಕ್ಕ.